ಕ್ಯೂಆರ್ ಸ್ಕ್ಯಾನ್ ಆಗದಿದ್ದಾಗ ಮೊದಲು ಪರದೆಯಲ್ಲಿ ಏನು ಕಾಣುತ್ತಿದೆ ನೋಡಿ

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ನಮ್ಮದು ಕಾಫಿಪುಡಿ ಅಂಗಡಿ, ಬಾಗಿಲು ಪಶ್ಚಿಮಕ್ಕಿದೆ. ಗಲ್ಲಾದ ಮೇಲಿಟ್ಟ ಕ್ಯೂಆರ್ ಸ್ಟ್ಯಾಂಡ್ ಬೆಳಿಗ್ಗೆಯೆಲ್ಲ ಚೆನ್ನಾಗಿ ಸ್ಕ್ಯಾನ್ ಆಗುತ್ತೆ, ಸಂಜೆ ನಾಲ್ಕರ ಮೇಲೆ ಗಿರಾಕಿಗಳು ಒದ್ದಾಡ್ತಾರೆ. ಅಪ್ಪ ಬೇರೆ ಕಡೆ ದುಡ್ಡು ಕೊಡೋಕೆ ಹೋದರೆ ಅವರ ಫೋನಲ್ಲಿ ಯಾವಾಗಲೂ ಮಸುಕು. ನನ್ನ ಫೋನಲ್ಲಿ ಪೇಮೆಂಟ್ ಆ್ಯಪಿನ ಸ್ಕ್ಯಾನರ್ ಒಂದು ವಾರದಿಂದ ಪೂರಾ ಕಪ್ಪು. ಸ್ಟ್ಯಾಂಡ್ ಬದಲಾಯಿಸಬೇಕಾ, ಫೋನ್ ಬದಲಾಯಿಸಬೇಕಾ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ನೀವು ಒಂದೇ ತೊಂದರೆ ಅಂದುಕೊಂಡಿರುವುದು ಮೂರು ಬೇರೆ ಬೇರೆ ತೊಂದರೆಗಳು, ಅವುಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ. ಅದೃಷ್ಟಕ್ಕೆ ಮೂರನ್ನೂ ಪರದೆ ನೋಡಿಯೇ ಗುರುತಿಸಬಹುದು. ಕೋಡ್ ಸ್ಪಷ್ಟವಾಗಿದ್ದು ಅದರ ಮೇಲೆ ಬಿಳಿ ಮಚ್ಚೆ ಕೂತಿದ್ದರೆ ಅದು ಬೆಳಕಿನ ಹೊಳಪು. ಕೋಡಿನ ಚೌಕಗಳು ಕಲಸಿಹೋಗಿ ಬೂದುಬಣ್ಣದ ಹಾಗೆ ಕಂಡರೆ ಫೋಕಸ್. ಏನೂ ಕಾಣದೆ ಕಪ್ಪಾಗಿದ್ದರೆ ಆ್ಯಪಿಗೆ ಕ್ಯಾಮೆರಾ ಬಳಸುವ ಅನುಮತಿ. ಅನುಮಾನವಿದ್ದರೆ ಇನ್ನೊಂದು ಪರೀಕ್ಷೆ ಇದೆ: ನಿಮ್ಮ ಸ್ಟ್ಯಾಂಡನ್ನು ಬೇರೊಂದು ಫೋನಿನಿಂದಲೂ, ಅದೇ ಫೋನಿನಿಂದ ಪಕ್ಕದಂಗಡಿಯ ಕೋಡನ್ನೂ ಓದಿಸಿ ನೋಡಿ. ಎಲ್ಲ ಫೋನುಗಳೂ ಒಂದೇ ಕೋಡಿನ ಮುಂದೆ ಸೋತರೆ ತಪ್ಪು ಕೋಡಿನದು ಅಥವಾ ಅದನ್ನಿಟ್ಟ ಜಾಗದ್ದು. ಒಂದೇ ಫೋನು ಎಲ್ಲ ಕೋಡುಗಳ ಮುಂದೆ ಸೋತರೆ ಫೋನಿನದು.

ಗಿರಾಕಿಗಳ ತೊಂದರೆಯನ್ನೇ ಮೊದಲು ನೋಡೋಣ, ವ್ಯಾಪಾರಕ್ಕೆ ಪೆಟ್ಟು ಕೊಡುತ್ತಿರುವುದು ಅದೇ. ಬೆಳಿಗ್ಗೆ ಸರಿ, ಸಂಜೆ ಇಲ್ಲ ಎಂದಿರಿ. ಕಾರ್ಡು ಹಾಳಾಗಿದ್ದರೆ ಬೆಳಿಗ್ಗೆಯೂ ಓದುತ್ತಿರಲಿಲ್ಲ, ಹಾಗಾಗಿ ಇದು ಪಶ್ಚಿಮದ ಬಿಸಿಲಿನ ಕೆಲಸ. ಅದು ಯಾಕೆ ಇಷ್ಟು ಕಾಡುತ್ತದೆ ಎಂದು ತಿಳಿಯಲು ಕೋಡಿನ ಮೂಲೆಗಳನ್ನು ಗಮನಿಸಿ. ನಾಲ್ಕರಲ್ಲಿ ಮೂರು ಮೂಲೆಗಳಲ್ಲಿ ದೊಡ್ಡ ಚೌಕಗಳಿವೆ, ಚೌಕದೊಳಗೆ ಚೌಕ. 1994ರಲ್ಲಿ ಜಪಾನಿನ ಡೆನ್ಸೋ ವೇವ್ ಕಂಪನಿಯಲ್ಲಿ ಈ ಕೋಡನ್ನು ರೂಪಿಸಿದಾಗಲೇ, ಕ್ಯಾಮೆರಾಕ್ಕೆ ‘ಕೋಡ್ ಇಲ್ಲಿದೆ’ ಎಂದು ಹೇಳುವ ಗುರುತುಗಳಾಗಿ ಅವನ್ನು ಇಟ್ಟರು. ಅಂಥ ಒಂದೊಂದು ಚೌಕದ ನಟ್ಟನಡುವಿನಿಂದ ಗೆರೆ ಎಳೆದರೆ ಕಪ್ಪು, ಬಿಳಿ, ಕಪ್ಪು, ಬಿಳಿ, ಕಪ್ಪು ಪಟ್ಟಿಗಳು 1:1:3:1:1 ಅಳತೆಯಲ್ಲಿ ಸಿಗುತ್ತವೆ. ಸ್ಕ್ಯಾನರು ಚಿತ್ರದಲ್ಲೆಲ್ಲ ಮೊದಲು ಹುಡುಕುವುದು ಈ ಅಳತೆಯನ್ನೇ.

ಕೋಡಿನ ಒಳಭಾಗ ಸ್ವಲ್ಪ ಅಳಿಸಿಹೋದರೂ ಓದಿಕೊಳ್ಳುವ ವ್ಯವಸ್ಥೆ ಇದೆ. ಕೋಡ್ ತಯಾರಿಸುವಾಗ ಆರಿಸಿದ ಮಟ್ಟಕ್ಕೆ ತಕ್ಕಂತೆ ಸುಮಾರು ಶೇ 7, 15, 25 ಅಥವಾ 30ರಷ್ಟು ಮಾಹಿತಿ ಕೆಟ್ಟರೂ ಮತ್ತೆ ಕಟ್ಟಿಕೊಳ್ಳಬಹುದು. ಈ ರಕ್ಷಣೆ ಮಾಹಿತಿಗೆ ಮಾತ್ರ, ಮೂಲೆಯ ಚೌಕಗಳಿಗಿಲ್ಲ. ಹೊಳಪಿನ ಮಚ್ಚೆ ನಡುವೆ ಬಿದ್ದರೆ ಎಷ್ಟೋ ಸಲ ಓದುತ್ತದೆ, ಅಷ್ಟೇ ದೊಡ್ಡ ಮಚ್ಚೆ ಮೂಲೆಯ ಮೇಲೆ ಬಿದ್ದರೆ ಅಲ್ಲೊಂದು ಕೋಡ್ ಇದೆ ಎಂಬುದೇ ಫೋನಿಗೆ ಗೊತ್ತಾಗುವುದಿಲ್ಲ. ಅದರ ಮೇಲೆ, ತೀರಾ ಬೆಳಗುವ ಜಾಗವನ್ನು ಕಂಡ ಕ್ಯಾಮೆರಾ ಇಡೀ ಚಿತ್ರದ ಬೆಳಕನ್ನು ತಗ್ಗಿಸುತ್ತದೆ, ಆಗ ಉಳಿದ ಭಾಗವೂ ಕತ್ತಲಾಗುತ್ತದೆ. ಕಣ್ಣಿಗೆ ಕಾಣುವ ಕೋಡ್ ಫೋನಿಗೆ ಕಾಣದಿರಲು ಇದೇ ಕಾರಣ.

ಇನ್ನು ಬಿಸಿಲಿನ ಲೆಕ್ಕ. ಅಕ್ರಿಲಿಕ್ ಹಾಳೆಯಾಗಲಿ, ಹೊಳೆಯುವ ಲ್ಯಾಮಿನೇಷನ್ ಆಗಲಿ, ಕನ್ನಡಿಯ ಹಾಗೆ ನಡೆದುಕೊಳ್ಳುತ್ತದೆ, ಬೆಳಕು ಬಂದ ಕೋನದಲ್ಲೇ ಆಚೆಗೆ ಹೊರಡುತ್ತದೆ. ನಿಮ್ಮ ಊರಿನಲ್ಲಿ ಮಾರ್ಚ್ ಮತ್ತು ಸೆಪ್ಟೆಂಬರ್ ಮೂರನೇ ವಾರದ ಹೊತ್ತಿಗೆ ಸಂಜೆ 4 ಗಂಟೆಗೆ ಸೂರ್ಯ ದಿಗಂತದಿಂದ ಸುಮಾರು 35 ಡಿಗ್ರಿ ಮೇಲಿರುತ್ತಾನೆ, 5 ಗಂಟೆಗೆ ಸುಮಾರು 20 ಡಿಗ್ರಿಗೆ ಇಳಿದಿರುತ್ತಾನೆ. ಸ್ಟ್ಯಾಂಡು ಹಿಂದಕ್ಕೆ 20 ಡಿಗ್ರಿಯಷ್ಟು ಒರಗಿದೆ ಎಂದಿಟ್ಟುಕೊಳ್ಳಿ, ಗಲ್ಲಾ ಸ್ಟ್ಯಾಂಡುಗಳು ಹೆಚ್ಚುಕಮ್ಮಿ ಹಾಗೇ ಇರುತ್ತವೆ. ಅಂಥ ಕಾರ್ಡಿನಿಂದ 4 ಗಂಟೆಯ ಬಿಸಿಲು ಅಡ್ಡ ಗೆರೆಗಿಂತ 5 ಡಿಗ್ರಿ ಮೇಲಕ್ಕೆ ಚಿಮ್ಮುತ್ತದೆ, 5 ಗಂಟೆಯದು 20 ಡಿಗ್ರಿ ಮೇಲಕ್ಕೆ. ಗಿರಾಕಿ ಫೋನ್ ಹಿಡಿಯುವುದು ಸರಿಯಾಗಿ ಅದೇ ಎತ್ತರದಲ್ಲಿ. ಅವರ ಮೈ ಬಿಸಿಲಿಗೆ ಪೂರಾ ಅಡ್ಡ ಬಂದರೆ ಕಾರ್ಡಿನ ಮೇಲೆ ನೆರಳು ಬಿದ್ದು ಕೆಲಸವಾಗುತ್ತದೆ. ಭುಜದ ಪಕ್ಕದಿಂದ ಬಿಸಿಲು ನುಗ್ಗಿದಾಗ ಆಗುವುದಿಲ್ಲ. ಒಬ್ಬ ಗಿರಾಕಿಗೆ ಸ್ಕ್ಯಾನ್ ಆಗಿ, ಹಿಂದೆಯೇ ಬಂದವರಿಗೆ ಆಗದೆ ಹೋಗುವುದು ಹೀಗೆ.

ಈಗ ಅದೇ ಕಾರ್ಡನ್ನು ನೆಟ್ಟಗೆ ನಿಲ್ಲಿಸಿ. 4 ಗಂಟೆಯ ಬಿಸಿಲು 35 ಡಿಗ್ರಿ ಕೆಳಕ್ಕೆ, ಅಂದರೆ ಗಲ್ಲಾದ ಮೇಲ್ಮೈಗೆ ಬೀಳುತ್ತದೆ, 5 ಗಂಟೆಯದೂ ಕೆಳಕ್ಕೇ. ಫೋನ್ ಇರುವ ಜಾಗ ಹೊಳಪಿನಿಂದ ಬಿಡುಗಡೆಯಾಗುತ್ತದೆ. ಕಾರ್ಡನ್ನು ನೀವು ಎಷ್ಟು ಡಿಗ್ರಿ ತಿರುಗಿಸುತ್ತೀರೋ ಹೊಳಪು ಅದರ ಎರಡರಷ್ಟು ತಿರುಗುತ್ತದೆ, ಹಾಗಾಗಿ ಸ್ಟ್ಯಾಂಡಿನ ಹಿಂಬದಿಗೆ ಮಡಿಸಿದ ರಟ್ಟಿನ ತುಂಡು ಸಿಕ್ಕಿಸಿ 15–20 ಡಿಗ್ರಿ ಎತ್ತಿದರೂ ಸಾಕು. ನೆಟ್ಟಗಿನ ಕಾರ್ಡನ್ನು ಬಗ್ಗಿ ನೋಡುವ ಕಷ್ಟ ಬಾರದಂತೆ ಕೆಳಗೊಂದು ಡಬ್ಬಿ ಇಟ್ಟು ಎದೆಯ ಮಟ್ಟಕ್ಕೆ ಏರಿಸಿ. ಇನ್ನೂ ಒಳ್ಳೆಯದು ಬೇಕೆಂದರೆ ಬಾಗಿಲಿಗೆ ಎದುರಾಗಿರುವ ಜಾಗವನ್ನೇ ಬಿಟ್ಟು, ಬೆಳಕು ಪಕ್ಕದಿಂದ ಸವರಿಕೊಂಡು ಹೋಗುವಂತೆ ಉತ್ತರದ ಅಥವಾ ದಕ್ಷಿಣದ ಗೋಡೆಗೆ ಅಂಟಿಸಿ. ಕಾರ್ಡನ್ನು ಗಾಜಿನ ಗಲ್ಲಾದ ಮೇಲೆ ಮಲಗಿಸಿ ಅಂಟಿಸುವುದು ಮಾತ್ರ ಬೇಡ. ನೆತ್ತಿಯ ಟ್ಯೂಬ್‌ಲೈಟ್ ನೇರವಾಗಿ ಮೇಲೆ ಹಿಡಿದ ಫೋನಿಗೇ ಹೊಡೆಯುತ್ತದೆ, ಆಗ ಸಂಜೆಯ ತೊಂದರೆ ದಿನವಿಡೀ ಇರುತ್ತದೆ.

ಹೊಳಪು ಯಾವ ಕಡೆಯಿಂದ ಬರುತ್ತಿದೆ ಎಂದು ಗೊತ್ತಾಗದಿದ್ದರೆ ಒಂದು ಕೈಗನ್ನಡಿ ತನ್ನಿ. ತೊಂದರೆಯಾಗುವ ಹೊತ್ತಿಗೆ ಕನ್ನಡಿಯನ್ನು ಕಾರ್ಡಿನ ಮುಖಕ್ಕೆ ಒತ್ತಿ ಹಿಡಿದು, ಗಿರಾಕಿ ನಿಲ್ಲುವ ಜಾಗದಲ್ಲಿ, ಅವರ ಫೋನ್ ಇರುವ ಎತ್ತರದಿಂದ ನೋಡಿ. ಕನ್ನಡಿಯಲ್ಲಿ ಏನು ಕಾಣುತ್ತದೋ ಅದೇ ಅಪರಾಧಿ. ಬಾಗಿಲಾಚೆಯ ಆಕಾಶವಿರಬಹುದು, ಟ್ಯೂಬ್‌ಲೈಟ್ ಇರಬಹುದು, ಮಳೆ ನಿಂತ ಮೇಲೆ ಮಿನುಗುವ ಒದ್ದೆ ರಸ್ತೆಯೂ ಇರಬಹುದು. ನೇರ ಬಿಸಿಲಿದ್ದಾಗ ಕನ್ನಡಿಯನ್ನು ದಿಟ್ಟಿಸದೆ, ಅದರ ಬೆಳಕಿನ ಚೌಕ ಎಲ್ಲಿ ಬಿದ್ದಿದೆ ಎಂದಷ್ಟೇ ನೋಡಿಕೊಳ್ಳಿ. ಕನ್ನಡಿಯಲ್ಲಿ ಕತ್ತಲ ಗೋಡೆಯೋ ಅಟ್ಟದ ಮೂಲೆಯೋ ಕಾಣುವ ತನಕ ಸ್ಟ್ಯಾಂಡ್ ತಿರುಗಿಸಿ.

ಗಿರಾಕಿಯ ಕಡೆಯಿಂದ ಆಗಬೇಕಾದ್ದು ಸ್ವಲ್ಪವೇ. ಫೋನನ್ನು 20–30 ಡಿಗ್ರಿ ಓರೆಯಾಗಿ, ಪಕ್ಕದಿಂದ ಹಿಡಿಯಲಿ. ಮೂರು ಮೂಲೆಗಳ ಗುರುತು ಸಿಕ್ಕರೆ ಸಾಫ್ಟ್‌ವೇರು ಓರೆಯನ್ನು ತಾನೇ ಸರಿಪಡಿಸಿಕೊಳ್ಳುತ್ತದೆ, ನೇರವಾಗಿಯೇ ಹಿಡಿಯಬೇಕೆಂದಿಲ್ಲ. ಸ್ಕ್ಯಾನರಿನ ಟಾರ್ಚ್ ಒತ್ತುವುದು ಇಲ್ಲಿ ಕೆಲಸ ಕೆಡಿಸುತ್ತದೆ. ಟಾರ್ಚ್ ಇರುವುದು ಲೆನ್ಸಿನ ಪಕ್ಕದಲ್ಲೇ, ನೇರವಾಗಿ ಹಿಡಿದರೆ ಅದರ ಬೆಳಕು ಅಕ್ರಿಲಿಕ್‌ನಿಂದ ನೇರ ಲೆನ್ಸಿಗೇ ಮರಳುತ್ತದೆ. ಕತ್ತಲಿನಲ್ಲಿ ಬೆಳಕು ಬೇಕೇಬೇಕಾದರೆ ಇನ್ನೊಂದು ಫೋನಿನ ಟಾರ್ಚನ್ನು ಪಕ್ಕದಿಂದ ಬಿಡಿ.

ಇಷ್ಟಾದ ಮೇಲೂ ತೃಪ್ತಿಯಾಗದಿದ್ದರೆ ಕಾರ್ಡನ್ನು ಮರುಮುದ್ರಿಸಿ. ನನ್ನ ಅಭಿಪ್ರಾಯ ಕೇಳಿದರೆ ಹೊಸ ಸ್ಟ್ಯಾಂಡ್‌ಗಿಂತ ಇದು ವಾಸಿ. ಝರಾಕ್ಸ್ ಅಂಗಡಿಯಲ್ಲಿ ‘ಮ್ಯಾಟ್ ಲ್ಯಾಮಿನೇಷನ್’ ಎಂದು ಕೇಳಿ, ಅದು ಬೆಳಕನ್ನು ಒಂದೇ ಕಡೆಗೆ ಎಸೆಯದೆ ಚದುರಿಸುತ್ತದೆ. ಕೋಡನ್ನು 10 ಸೆಂಟಿಮೀಟರ್ ಅಗಲಕ್ಕೆ ಹಿಗ್ಗಿಸಿ, ಸುತ್ತಲೂ ಬಿಳಿ ಅಂಚು ಉಳಿಸಿಕೊಳ್ಳಿ. ನಿಯಮದ ಪ್ರಕಾರ ಆ ಅಂಚು ಕೋಡಿನ ಅತಿ ಚಿಕ್ಕ ಚೌಕದ ನಾಲ್ಕರಷ್ಟು ಅಗಲವಿರಬೇಕು, ಅದನ್ನು ಕತ್ತರಿಸಿ ಹೂಬಳ್ಳಿಯ ಚೌಕಟ್ಟಿಗೆ ಅಂಟಿಸಿದರೆ ಒಳ್ಳೆಯ ಕೋಡೂ ಓದದೆ ಹೋಗಬಹುದು. ಲ್ಯಾಮಿನೇಷನ್ನಿನ ನಾಲ್ಕು ಬದಿಯಲ್ಲೂ ಕಾಗದದಾಚೆಗೆ ಅರ್ಧ ಸೆಂಟಿಮೀಟರ್ ಪ್ಲಾಸ್ಟಿಕ್ ಉಳಿಸಿಕೊಳ್ಳಿ. ಕಾಗದದ ಅಂಚಿಗೇ ಕತ್ತರಿಸಿದರೆ ಮಲೆನಾಡಿನ ಜುಲೈ ಥಂಡಿ ಒಳಗೆ ಇಳಿದು, ಕಾಗದ ಉಬ್ಬಿ ಕೋಡ್ ಡೊಂಕಾಗುತ್ತದೆ. ಡೊಂಕು ಮೇಲ್ಮೈ ಹೊಳಪನ್ನು ಎಲ್ಲ ದಿಕ್ಕಿಗೂ ಹರಡುತ್ತದೆ, ಆಗ ಯಾವ ಕಡೆ ತಿರುಗಿಸಿದರೂ ಒಂದು ಮಚ್ಚೆ ಉಳಿದೇ ಇರುತ್ತದೆ. ಒಂದು ಎಚ್ಚರ: ಸೌಂಡ್‌ಬಾಕ್ಸ್ ಇಟ್ಟುಕೊಂಡಿದ್ದರೆ ಅದರ ಜೊತೆ ಬಂದ ಕೋಡನ್ನೇ ಮುದ್ರಿಸಿ. ಬೇರೆ ಆ್ಯಪಿನ ಕೋಡ್ ಹಾಕಿದರೆ ದುಡ್ಡು ಬಂದರೂ ಬಾಕ್ಸ್ ಕೂಗುವುದಿಲ್ಲ.

ನಿಮ್ಮ ತಂದೆಯವರ ಮಸುಕಿಗೆ ಬರೋಣ. ಮಸುಕಾದಾಗ ಯಾರೇ ಆದರೂ ಫೋನನ್ನು ಕೋಡಿನ ಹತ್ತಿರಕ್ಕೆ ಒಯ್ಯುತ್ತಾರೆ, ಸಣ್ಣ ಅಕ್ಷರ ಓದುವಾಗ ಕಾಗದವನ್ನು ಹತ್ತಿರ ತರುವ ಹಾಗೆ. ಇಲ್ಲಿ ಅದು ತಿರುಗುಬಾಣ. ಪ್ರತಿ ಕ್ಯಾಮೆರಾಕ್ಕೂ ಫೋಕಸ್ ಕೂರುವ ಕನಿಷ್ಠ ದೂರವೊಂದಿದೆ, ಅದಕ್ಕಿಂತ ಹತ್ತಿರ ಹೋದರೆ ಯಾವ ಫೋನಿಗೂ ಚಿತ್ರ ಸ್ಪಷ್ಟವಾಗುವುದಿಲ್ಲ. ಎಷ್ಟೋ ಫೋನುಗಳಲ್ಲಿ ಅದು 10 ಸೆಂಟಿಮೀಟರ್ ಆಸುಪಾಸು. ದೊಡ್ಡ ಸೆನ್ಸರ್ ಇರುವ ಹೊಸ ದುಬಾರಿ ಫೋನುಗಳಲ್ಲಿ ಮುಖ್ಯ ಕ್ಯಾಮೆರಾಕ್ಕೆ ಇನ್ನೂ ಹೆಚ್ಚು ಬೇಕು, ಕೆಲವಕ್ಕೆ 20 ಸೆಂಟಿಮೀಟರನ್ನೂ ದಾಟುತ್ತದೆ. ‘ಹಳೇ ಫೋನಲ್ಲೇ ಚೆನ್ನಾಗಿ ಆಗ್ತಿತ್ತು’ ಎಂಬ ದೂರಿಗೆ ಬಹಳ ಸಲ ಇದೇ ಕಾರಣ, ಫೋನೇನೂ ಕೆಟ್ಟಿರುವುದಿಲ್ಲ.

ದೂರ ಹೋದರೆ ಕೋಡ್ ಚಿಕ್ಕದಾಗಿ ಓದುವುದಿಲ್ಲವೇನೋ ಎಂಬ ಅಳುಕು ಬೇಡ. ಗಲ್ಲಾದ ಮೇಲಿನ ಕಾರ್ಡಿನಲ್ಲಿ 4 ಸೆಂಟಿಮೀಟರ್ ಅಗಲದ ಕೋಡ್, ಅದರ ಒಂದು ಸಾಲಿನಲ್ಲಿ 41 ಚಿಕ್ಕ ಚೌಕಗಳು ಎಂದುಕೊಳ್ಳಿ. ಒಂದೊಂದು ಚೌಕ ಸುಮಾರು 1 ಮಿಲಿಮೀಟರ್. ಸ್ಕ್ಯಾನರಿನ ಚಿತ್ರ 720 ಪಿಕ್ಸೆಲ್ ಅಗಲವಿದ್ದು, ಕೋಡ್ ಅದರ ಮೂರನೇ ಒಂದು ಭಾಗವನ್ನಷ್ಟೇ ತುಂಬಿದರೂ 240 ಪಿಕ್ಸೆಲ್ ಸಿಗುತ್ತವೆ, ಒಂದು ಚೌಕಕ್ಕೆ ಸುಮಾರು 6. ಓದಲು ಅಷ್ಟು ಧಾರಾಳ ಸಾಕು. ಕೋಡ್ ಚಿಕ್ಕದಾಗಿದ್ದೂ ಸ್ಪಷ್ಟವಾಗಿದ್ದರೆ ಓದುತ್ತದೆ, ದೊಡ್ಡದಾಗಿದ್ದೂ ಮಸುಕಾಗಿದ್ದರೆ ಒಂದು ಚೌಕದ ಕಪ್ಪು ಪಕ್ಕದ ಬಿಳಿಗೆ ಸೋರಿ ಎರಡೂ ಬೂದುಬಣ್ಣವಾಗುತ್ತವೆ. ದೂರಕ್ಕೆ ಒಂದು ಅಂದಾಜು ಇಟ್ಟುಕೊಳ್ಳಬಹುದು: ಕೋಡಿನ ಅಗಲದ ಹತ್ತರಷ್ಟರೊಳಗೆ ಎಲ್ಲಾದರೂ ಓದಬೇಕು. 4 ಸೆಂಟಿಮೀಟರ್ ಕೋಡಿಗೆ 40 ಸೆಂಟಿಮೀಟರ್ ತನಕ ಜಾಗವಿದೆ, ಮೊಳದ ಹತ್ತಿರ ಹತ್ತಿರ.

ಆದ್ದರಿಂದ ತಂದೆಯವರಿಗೆ ಹೀಗೆ ಹೇಳಿಕೊಡಿ. ಮೊದಲು ಫೋನನ್ನು ಒಂದು ಗೇಣು ದೂರದಲ್ಲಿ ಹಿಡಿಯಲಿ, ಅಲ್ಲಿಂದ ನಿಧಾನಕ್ಕೆ ಹಿಂದಕ್ಕೆ ಎಳೆದುಕೊಳ್ಳುತ್ತ ಹೋಗಲಿ. ಚಿತ್ರ ಚುರುಕಾದ ಜಾಗದಲ್ಲಿ ಎರಡು ಸೆಕೆಂಡು ಕೈ ಅಲುಗಿಸದೆ ನಿಲ್ಲಲಿ. ಸಾಧ್ಯವಾದರೆ ಪರದೆಯಲ್ಲಿ ಕೋಡಿನ ಮೇಲೆ ಒಮ್ಮೆ ಮುಟ್ಟಲಿ, ಕೆಲವು ಆ್ಯಪುಗಳಲ್ಲಿ ಮುಟ್ಟಿದ ಕಡೆಗೆ ಫೋಕಸ್ ಹೊರಳುತ್ತದೆ. ಕೋಡ್ ತೀರಾ ಸಣ್ಣದಿದ್ದರೆ ದೂರದಲ್ಲೇ ನಿಂತು ಎರಡು ಬೆರಳಿನಿಂದ ಜೂಮ್ ಮಾಡಲಿ, ಹತ್ತಿರ ಹೋಗುವುದು ಬೇಡ.

ದೂರ ಸರಿದರೂ ಮಸುಕು ಬಿಡದಿದ್ದರೆ ಲೆನ್ಸ್ ನೋಡಿ. ನಿಮ್ಮದು ಕಾಫಿಪುಡಿ ಅಂಗಡಿ. ಹುರಿದ ಬೀಜದಲ್ಲಿ ಎಣ್ಣೆಯ ಅಂಶವಿದೆ, ಪುಡಿಯ ಧೂಳು ಗಾಳಿಯಲ್ಲೇ ಇರುತ್ತದೆ, ಎರಡೂ ಸೇರಿ ಗಾಜಿನ ಮೇಲೆ ತೆಳ್ಳಗಿನ ಪೊರೆ ಕಟ್ಟುತ್ತವೆ. ದೀಪದ ಸುತ್ತ ಮಂಜಿನ ಪ್ರಭೆ ಕಂಡರೆ ಆ ಪೊರೆ ಇದೆ ಎಂದೇ ಅರ್ಥ. ಧೂಳನ್ನು ಮೊದಲು ಊದಿ ಹಾರಿಸಿ, ಆಮೇಲೆ ಗಾಜಿನ ಮೇಲೆ ಬಾಯಿಯ ಹಬೆ ಬಿಟ್ಟು ಶುದ್ಧವಾದ ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಿ. ಒರೆಸುವುದೇ ಮೊದಲಾದರೆ ಧೂಳಿನ ಕಣಗಳು ಗೀರು ಹಾಕಬಹುದು. ಎಸಿ ಕಾರಿನಿಂದ ಇಳಿದು ಮಳೆಯ ಗಾಳಿಗೆ ಬಂದ ಕೂಡಲೆ ಹೊರಗಾಜಿಗೆ ಮಂಜು ಕೂರುವುದು ಸಹಜ, ಅದು ಒರೆಸಿದರೆ ಹೋಗುತ್ತದೆ. ಒರೆಸಿದರೂ ಹೋಗದ ಮಂಜು ಗಾಜಿನ ಒಳಗಿನದು, ಫೋನಿಗೆ ನೀರು ಇಳಿದಿದೆ, ಅದನ್ನು ರಿಪೇರಿಯವರು ನೋಡಬೇಕು. ಲೆನ್ಸಿನ ಮೇಲೆ ಅಂಟಿಸಿದ ಅಗ್ಗದ ಕಾಪುಗಾಜು ಇದ್ದರೆ ಅದನ್ನೂ ಒಮ್ಮೆ ಕಿತ್ತು ನೋಡಿ.

ಇನ್ನೊಂದು ಕಾರಣ ಗುಡ್ಡದ ದಾರಿಯವರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಫೋಕಸ್ ಮಾಡಲು ಲೆನ್ಸನ್ನು ಸರಿಸುವುದು ಅಯಸ್ಕಾಂತ ಮತ್ತು ತಂತಿಸುರುಳಿಯ ಒಂದು ಪುಟ್ಟ ಯಂತ್ರ. ಬೈಕಿನ ಹ್ಯಾಂಡಲ್ಲಿಗೆ ಫೋನ್ ಸಿಕ್ಕಿಸಿಕೊಂಡು ಓಡಾಡಿದರೆ ಎಂಜಿನ್ನಿನ ಕಂಪನ ಈ ಯಂತ್ರವನ್ನು ಕೆಡಿಸಬಹುದು ಎಂದು ಆ್ಯಪಲ್ ಕಂಪನಿಯೇ 2021ರಲ್ಲಿ ತನ್ನ ಬಳಕೆದಾರರಿಗೆ ಎಚ್ಚರಿಕೆ ಕೊಟ್ಟಿದೆ. ಕೆಟ್ಟಿದೆಯೇ ಎಂದು ತಿಳಿಯುವುದು ಸುಲಭ. ಫೋನಿನ ಸ್ವಂತ ಕ್ಯಾಮೆರಾ ತೆರೆದು ಮೊದಲು ಅಂಗೈಯನ್ನು, ಆಮೇಲೆ ಎದುರಿನ ರಸ್ತೆಯ ಬೋರ್ಡನ್ನು ಮುಟ್ಟಿ ಫೋಕಸ್ ಮಾಡಿ. ಎರಡರಲ್ಲಿ ಒಂದು ಯಾವಾಗಲೂ ಮಸುಕಾಗಿಯೇ ಉಳಿದರೆ, ಅಥವಾ ಕ್ಯಾಮೆರಾ ಟಿಕ್‌ಟಿಕ್ ಸದ್ದು ಮಾಡುತ್ತ ಚಿತ್ರ ನಡುಗಿದರೆ ಯಂತ್ರ ಸೋತಿದೆ, ಆಗ ಕ್ಯಾಮೆರಾ ಬದಲಾಯಿಸದೆ ದಾರಿಯಿಲ್ಲ. ಹಿಂಬದಿಗೆ ಅಯಸ್ಕಾಂತವಿರುವ ಕವರ್ ಹಾಕಿದ್ದರೆ ಈ ತೀರ್ಮಾನಕ್ಕೆ ಬರುವ ಮೊದಲು ಅದನ್ನು ತೆಗೆದು ಪರೀಕ್ಷಿಸಿ, ಅದೂ ಇದೇ ರೀತಿ ಫೋಕಸ್ ಕೆಡಿಸಬಲ್ಲದು.

ಕೊನೆಗೆ ನಿಮ್ಮ ಕಪ್ಪು ಪರದೆ. ಇದಕ್ಕೆ ಕೋಡೂ ಕಾರಣವಲ್ಲ, ಬೆಳಕೂ ಅಲ್ಲ. ಫೋನಿನ ಸ್ವಂತ ಕ್ಯಾಮೆರಾ ತೆರೆಯಿರಿ. ಅದರಲ್ಲಿ ಚಿತ್ರ ಬಂದರೆ ಕ್ಯಾಮೆರಾ ಗಟ್ಟಿಯಾಗಿದೆ, ಪೇಮೆಂಟ್ ಆ್ಯಪಿಗೆ ಅದನ್ನು ಬಳಸುವ ಅನುಮತಿ ಇಲ್ಲ. ಆಂಡ್ರಾಯ್ಡ್ ಫೋನಾದರೆ ಆ ಆ್ಯಪಿನ ಚಿಹ್ನೆಯನ್ನು ಒತ್ತಿ ಹಿಡಿಯಿರಿ, ಬರುವ ಪಟ್ಟಿಯಲ್ಲಿ App info ಆರಿಸಿ, ಅಲ್ಲಿಂದ Permissions, ಆಮೇಲೆ Camera. ಅಲ್ಲಿ Don't allow ಎಂದಿರುವುದನ್ನು Allow only while using the app ಎಂದು ಬದಲಾಯಿಸಿ. ಐಫೋನಾದರೆ Settings ಒಳಗೆ Privacy & Security, ಅದರೊಳಗೆ Camera. ಆ್ಯಪುಗಳ ಪಟ್ಟಿ ಬರುತ್ತದೆ, ನಿಮ್ಮದರ ಎದುರಿನ ಗುಂಡಿ ಹಸಿರಾಗಬೇಕು.

ಅನುಮತಿ ತಾನಾಗಿ ಹೇಗೆ ಹೋಯಿತು ಎಂದು ಅನ್ನಿಸಬಹುದು. ಆಂಡ್ರಾಯ್ಡ್ 11ರಿಂದ ಈಚೆಗೆ, ಅನುಮತಿ ಕೇಳಿದಾಗ ಅವಸರದಲ್ಲಿ ಎರಡು ಸಲ ಬೇಡ ಎಂದು ಒತ್ತಿದರೆ ಫೋನು ಮತ್ತೆ ಕೇಳುವುದೇ ಇಲ್ಲ. Only this time ಎಂದು ಒತ್ತಿದ್ದರೆ ಅದು ಆ ಒಂದು ಸಲಕ್ಕೇ ಮುಗಿಯುತ್ತದೆ. ಕೆಲವು ತಿಂಗಳು ಮುಟ್ಟದೆ ಬಿಟ್ಟ ಆ್ಯಪಿನಿಂದ ಅನುಮತಿಯನ್ನು ವ್ಯವಸ್ಥೆಯೇ ಹಿಂತೆಗೆದುಕೊಳ್ಳುತ್ತದೆ. ನೀವು ದಿನವೂ ಬಳಸುವವರಾದ್ದರಿಂದ ಮೊದಲ ಎರಡರಲ್ಲಿ ಒಂದು ಇರಬೇಕು.

ಫೋನಿನ ಸ್ವಂತ ಕ್ಯಾಮೆರಾದಲ್ಲೂ ಚಿತ್ರ ಬಾರದಿದ್ದರೆ ಪರದೆಯ ಮೇಲಿನಿಂದ ಎರಡು ಸಲ ಕೆಳಕ್ಕೆ ಎಳೆದು, ವೈಫೈ, ಟಾರ್ಚ್ ಗುಂಡಿಗಳಿರುವ ಜಾಗ ನೋಡಿ. ಆಂಡ್ರಾಯ್ಡ್ 12ರಿಂದ ಅಲ್ಲಿ Camera access ಎಂಬ ಗುಂಡಿ ಇಡಬಹುದು. ಅದು ಆರಿದ್ದರೆ ಪ್ರತಿ ಆ್ಯಪಿಗೂ ಅನುಮತಿ ಇದ್ದೂ ಎಲ್ಲಕ್ಕೂ ಖಾಲಿ ಚಿತ್ರವೇ ಸಿಗುತ್ತದೆ. ಜೇಬಿನಲ್ಲೋ ಮಕ್ಕಳ ಕೈಯಲ್ಲೋ ಗೊತ್ತಿಲ್ಲದೆ ಒತ್ತಿಹೋಗುವುದುಂಟು. ಅದೂ ಸರಿಯಿದ್ದರೆ ಹಿನ್ನೆಲೆಯಲ್ಲಿ ಯಾವುದಾದರೂ ವಿಡಿಯೋ ಕರೆ ಕ್ಯಾಮೆರಾವನ್ನು ಹಿಡಿದಿಟ್ಟುಕೊಂಡಿದೆಯೇ ನೋಡಿ, ಆ ಕರೆ ಮುಗಿಸಿ. ಆಂಡ್ರಾಯ್ಡ್ 12ರ ನಂತರದ ಫೋನುಗಳಲ್ಲಿ ಕ್ಯಾಮೆರಾ ಬಳಕೆಯಲ್ಲಿರುವಾಗ ಮೇಲಿನ ಬಲ ಮೂಲೆಯಲ್ಲಿ ಹಸಿರು ಗುರುತು ಬೆಳಗುತ್ತದೆ. ಯಾವುದೂ ಸಿಗದಿದ್ದರೆ ಫೋನನ್ನು ಒಮ್ಮೆ ಆರಿಸಿ ಹಚ್ಚಿ.

ಇಷ್ಟಕ್ಕೂ ಬಗ್ಗದಿದ್ದರೆ App info ಒಳಗಿನ Storage ತೆರೆದು Clear cache ಒತ್ತಬಹುದು, ಅದರಿಂದ ನಷ್ಟವಿಲ್ಲ. ಅದರ ಪಕ್ಕದಲ್ಲೇ ಇರುವ Clear storage ಅಥವಾ Clear data ಗುಂಡಿಯನ್ನು ಅಂಗಡಿಯ ವೇಳೆಯಲ್ಲಿ ಮುಟ್ಟಬೇಡಿ. ಅದನ್ನು ಒತ್ತಿದರೆ ಆ್ಯಪಿನಲ್ಲಿ ಮೊದಲಿನಿಂದ ನೋಂದಣಿಯಾಗಬೇಕು. ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಅದೇ ಫೋನಿನಲ್ಲಿರಬೇಕು, ಅದರಿಂದ ಎಸ್‌ಎಂಎಸ್ ಹೋಗುವಷ್ಟು ಕರೆನ್ಸಿ ಮತ್ತು ಸಿಗ್ನಲ್ ಎರಡೂ ಇರಬೇಕು. ಅದು ಮುಗಿಯುವ ತನಕ ಯಾರಿಗಾದರೂ ದುಡ್ಡು ಕೊಡಬೇಕಾದರೆ ಇನ್ನೊಂದು ಫೋನಿನಿಂದ, ಕೋಡಿನ ಕೆಳಗೆ ಅಚ್ಚಾಗಿರುವ ಯುಪಿಐ ಐಡಿಯನ್ನು ಕೈಯಿಂದ ಬರೆದು ಕಳಿಸಿ. ಪಿನ್ ಒತ್ತುವ ಮೊದಲು ಪರದೆಯಲ್ಲಿ ಬಂದ ಹೆಸರನ್ನು ಎದುರಿಗಿರುವವರಿಗೆ ಓದಿ ಹೇಳಿ, ಅವರು ಹೌದೆಂದ ಮೇಲೆ ಒತ್ತಿ.